ಕಮೋಡಿನ ಹಳದಿ ಉಂಗುರಕ್ಕೆ ಮೂರು ರಾತ್ರಿ

ರಾಮನಗರದಲ್ಲಿ ನಾವು ಬಾಡಿಗೆಗಿರೋ ಮನೆಗೆ ಹೋದ ತಿಂಗಳು ಓನರ್ ಬಂದಿದ್ರು. ಸೋರ್ತಿದ್ದ ನಲ್ಲಿ ನೋಡೋಕೆ ಅಂತ ಬಾತ್‌ರೂಮಿಗೆ ಹೋದವರು ಕಮೋಡ್ ಒಳಗೆ ಒಮ್ಮೆ ಬಗ್ಗಿ ನೋಡಿ, "ಏನಮ್ಮಾ ಇದು, ಹೀಗೆ ಮಾಡ್ಕೊಂಡಿದೀರಾ? ಖಾಲಿ ಮಾಡೋವಾಗ ಹೊಸ ಕಮೋಡಿನ ದುಡ್ಡು ಅಡ್ವಾನ್ಸ್‌ನಲ್ಲಿ ಹಿಡ್ಕೋಬೇಕಾಗುತ್ತೆ" ಅಂದ್ರು. ನೀರು ನಿಲ್ಲೋ ಮಟ್ಟದಲ್ಲಿ ಸುತ್ತಲೂ ಕಂದು ಬಣ್ಣದ ಒಂದು ಉಂಗುರ, ಹಿಂಬದಿಯಲ್ಲಿ ಮೇಲಿಂದ ಕೆಳಗೆ ಇಳಿದ ಹಳದಿ ಪಟ್ಟಿ. ಎರಡು ವರ್ಷದಿಂದ ವಾರಕ್ಕೊಮ್ಮೆ ಉಜ್ತಾನೇ ಇದ್ದೀನಿ. ಹಾಗಂತ ಹೇಳಿದ್ರೆ ನಂಬೋರ್ಯಾರು?

ಅದೇ ವಾರ ಮಾಗಡಿಯಿಂದ ಅಮ್ಮ ಬಂದ್ರು. ನಾನು ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೊರಟ ಮೇಲೆ, ಮಗಳಿಗೆ ಸಹಾಯ ಆಗ್ಲಿ ಅಂತ ಟಾಯ್ಲೆಟ್ ಕ್ಲೀನರ್ ಸುರಿದು ಹತ್ತು ನಿಮಿಷ ಬಿಟ್ಟಿದ್ದಾರೆ. ಕಲೆ ಹೋಗಿಲ್ಲ. ಸಂಪಿಗೆ ಹಾಕೋಕೆ ಇಟ್ಟಿದ್ದ ಬ್ಲೀಚಿಂಗ್ ಪೌಡರ್ ಕಣ್ಣಿಗೆ ಬಿದ್ದಿದೆ. ಅದನ್ನೂ ಎರಡು ಚಮಚ ಉದುರಿಸಿದ್ದಾರೆ. ನೊರೆ ಬಂತು, ಮೂಗು ಸುಟ್ಟ ಹಾಗಾಯ್ತು, ಕಣ್ಣಲ್ಲಿ ನೀರು, ಕೆಮ್ಮು ನಿಲ್ಲಲೇ ಇಲ್ಲ. ಪುಣ್ಯಕ್ಕೆ ಬಾಗಿಲು ತೆರೆದಿತ್ತು, ಅಮ್ಮ ಹೊರಗೆ ಓಡಿ ಬಂದ್ರು. ಪಕ್ಕದ ಮನೆಯವರು ಆಟೋದಲ್ಲಿ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ರು. ಸಂಜೆವರೆಗೂ ಅಲ್ಲೇ ಕೂರಿಸಿಕೊಂಡು, ಉಸಿರಾಟ ಸರಿಯಾಗಿದೆ ಅಂತ ಗೊತ್ತಾದ ಮೇಲೆ ಮನೆಗೆ ಕಳಿಸಿದ್ರು.

ಅಮ್ಮ ಮಾಡಿದ್ದು ಅಜಾಗರೂಕತೆ ಅಂತ ನನಗನ್ನಿಸಲ್ಲ. ಎರಡೂ ಕ್ಲೀನ್ ಮಾಡೋ ವಸ್ತುಗಳೇ, ಸೇರಿಸಿದ್ರೆ ಡಬಲ್ ಕ್ಲೀನ್ ಆಗುತ್ತೆ ಅನ್ನೋ ಲೆಕ್ಕ ಯಾರಿಗೆ ಬೇಕಾದ್ರೂ ಹೊಳೆಯುತ್ತೆ. ಆದರೆ ಟಾಯ್ಲೆಟ್ ಕ್ಲೀನರ್ ಬಾಟಲಿಗಳಲ್ಲಿ ಬಹುಪಾಲು ಇರೋದು ಹೈಡ್ರೋಕ್ಲೋರಿಕ್ ಆಸಿಡ್. ಬ್ಲೀಚಿಂಗ್ ಪೌಡರಿಗೆ ಯಾವ ಆಸಿಡ್ ತಗಲಿದರೂ ಕ್ಲೋರಿನ್ ಗಾಳಿ ಹೊರಡುತ್ತೆ. ಅದು ಮಾಮೂಲಿ ಗಾಳಿಗಿಂತ ಭಾರ, ಹಾಗಾಗಿ ಕೆಳಗೇ ನಿಲ್ಲುತ್ತೆ. ಕಮೋಡ್ ಉಜ್ಜೋವಾಗ ನಮ್ಮ ಮುಖ ಇರೋದೂ ಅಲ್ಲೇ. ನಮ್ಮ ಬಾತ್‌ರೂಮುಗಳು ಎಷ್ಟು ದೊಡ್ಡದಿರ್ತವೆ, ಕಿಟಕಿ ಎಷ್ಟು ಚಿಕ್ಕದು ಅನ್ನೋದು ನಿಮಗೇ ಗೊತ್ತು. ಹಾಗೇನಾದ್ರೂ ಆದ್ರೆ ಅಲ್ಲೇ ನಿಂತು ಫ್ಲಶ್ ಮಾಡೋ ಸಾಹಸ ಬೇಡ. ಉಸಿರು ಹಿಡಿದು ಹೊರಗೆ ಬನ್ನಿ, ಮನೆಯ ಬಾಗಿಲು ಕಿಟಕಿ ತೆಗೀರಿ, ಕಣ್ಣು ಉರೀತಿದ್ರೆ ತುಂಬಾ ಹೊತ್ತು ನೀರಿನಲ್ಲಿ ತೊಳೀರಿ. ಕೆಮ್ಮು ನಿಲ್ಲದಿದ್ರೆ, ಎದೆ ಬಿಗಿದ್ರೆ 108ಕ್ಕೆ ಫೋನ್ ಮಾಡಿ. ಆ ಕ್ಷಣಕ್ಕೆ ಕಡಿಮೆ ಆದ ಹಾಗಿದ್ರೂ ಕೆಲವು ಗಂಟೆ ಬಿಟ್ಟು ಉಸಿರಾಟದ ತೊಂದರೆ ಹೆಚ್ಚಾಗಬಹುದು. ಡಾಕ್ಟರ್ ಅಮ್ಮನನ್ನ ಸಂಜೆವರೆಗೂ ಕೂರಿಸಿಕೊಂಡಿದ್ದು ಅದಕ್ಕೇ.

ಆ ರಾತ್ರಿ ಅಮ್ಮ ಮಲಗಿದ ಮೇಲೆ, ಈ ಕಲೆ ನಿಜವಾಗಿ ಏನು ಅಂತ ಕೂತು ಯೋಚಿಸಿದೆ. ಅದು ಕೊಳೆ ಆಗಿದ್ರೆ ಎರಡು ವರ್ಷದ ಉಜ್ಜಾಟಕ್ಕೆ ಹೋಗಬೇಕಿತ್ತಲ್ಲ?

ಅದು ಕೊಳೆ ಅಲ್ಲ, ಕಲ್ಲು. ನಮ್ಮೂರ ಬಂಡೆಗಳಿಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಹೆಸರು, ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ ಆಗಿತ್ತಲ್ಲ, ಅದರಿಂದ ಬಂದದ್ದು. ಶೋಲೆ ಸಿನಿಮಾದಲ್ಲಿ ಕಾಣೋ ಅದೇ ಬಂಡೆ. ಮಳೆನೀರು ಮಣ್ಣಿನಲ್ಲಿ ಇಳಿದು, ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಅದರ ಖನಿಜಗಳನ್ನ ನಿಧಾನಕ್ಕೆ ಕರಗಿಸಿಕೊಳ್ಳುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀಗೆ ನೀರಿಗೆ ಸೇರ್ತವೆ. ಹೊಳೆ ನೀರು ಬಾರದ ದಿನ ನಾವು ಬೋರ್‌ವೆಲ್‌ನಿಂದ ಎತ್ತೋದು ಇದನ್ನೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ರೆ 600ರ ತನಕ ಪರವಾಗಿಲ್ಲ ಅನ್ನುತ್ತೆ ಭಾರತೀಯ ಮಾನಕ ಐಎಸ್ 10500. ನಿಮ್ಮ ಮನೆ ನೀರು ಎಷ್ಟು ಗಡಸು ಅಂತ ತಿಳಿಯೋಕೆ ಆನ್‌ಲೈನ್‌ನಲ್ಲಿ ಸಿಗೋ ಟಿಡಿಎಸ್ ಮೀಟರ್ ಸಾಲದು. ಅದು ಎಲ್ಲಾ ಲವಣಗಳನ್ನೂ ಒಟ್ಟಿಗೆ ಲೆಕ್ಕ ಹಾಕುತ್ತೆ, ಗಡಸುತನವನ್ನ ಬೇರೆ ಮಾಡಿ ಹೇಳಲ್ಲ. ಅದಕ್ಕಿಂತ ಸೋಪು ನೊರೆ ಬರದೆ ಮೊಸರು ಒಡೆದ ಹಾಗೆ ಆಗೋದು, ಸ್ಟವ್ ಮೇಲಿನ ನೀರು ಕಾಯಿಸೋ ಪಾತ್ರೆ ಒಳಗೆ ಬಿಳಿ ಪದರ ಕಟ್ಟೋದು ಒಳ್ಳೆ ಗುರುತು.

ಪಾತ್ರೆಯಲ್ಲಿ ಕಟ್ಟೋ ಅದೇ ಸುಣ್ಣದಂಥ ಪದರ, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಕಮೋಡಿನಲ್ಲಿ ನೀರಿನ ಮಟ್ಟದ ಅಂಚಿನಲ್ಲಿ ಕಟ್ಟುತ್ತೆ. ಅಲ್ಲಿ ನೀರು ಆರ್ತಾ ಇರುತ್ತೆ, ಸುಣ್ಣ ಉಳೀತಾ ಹೋಗುತ್ತೆ. ಹಳದಿ ಬಣ್ಣ ಆಮೇಲಿಂದು. ಮೂತ್ರದಲ್ಲಿರೋ ಯೂರಿಯಾವನ್ನ ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಬರುತ್ತೆ, ನೀರು ಕ್ಷಾರ ಆಗುತ್ತೆ, ಆಗ ಇನ್ನಷ್ಟು ಲವಣ ಗಟ್ಟಿಯಾಗಿ ಅಂಟುತ್ತೆ. ಒರಟಾದ ಈ ಪದರ ಮೂತ್ರದ ಬಣ್ಣವನ್ನೂ ನೀರಿನ ಕಬ್ಬಿಣದ ಅಂಶವನ್ನೂ ಹೀರಿಕೊಂಡು ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತೆ. ವಾಸನೆ ಹೋಗದಿರೋದಕ್ಕೂ ಇದೇ ಕಾರಣ.

ಇಷ್ಟು ಗೊತ್ತಾದ ಮೇಲೆ ಬ್ಲೀಚ್ ಯಾಕೆ ಕೆಲಸ ಮಾಡಲ್ಲ ಅಂತಲೂ ಅರ್ಥ ಆಯ್ತು. ಬ್ಲೀಚ್ ಬಣ್ಣ ತೆಗೆಯುತ್ತೆ, ಕ್ರಿಮಿ ಕೊಲ್ಲುತ್ತೆ, ಆದರೆ ಸುಣ್ಣ ಕರಗಿಸಲ್ಲ. ನಾಲ್ಕು ದಿನ ಬೆಳ್ಳಗೆ ಕಂಡು ಮತ್ತೆ ಹಳದಿ. ನೀರಿನಲ್ಲಿ ಕಬ್ಬಿಣ ಇದ್ರಂತೂ ಬ್ಲೀಚ್ ಅದನ್ನ ತುಕ್ಕಾಗಿ ಮಾಡಿ ಇನ್ನೂ ಗಟ್ಟಿ ಕೂರಿಸುತ್ತೆ. ಸುಣ್ಣಕ್ಕೆ ಬೇಕಾದ್ದು ಹುಳಿ.

ಹಾಗಾದ್ರೆ ಹಾರ್ಡ್‌ವೇರ್ ಅಂಗಡಿಯ ಆಸಿಡ್ ತರೋದಾ? ಕೆಲಸ ಆಗುತ್ತೆ, ನಿಜ. ಆದರೆ ಅದರ ಆವಿ ಶ್ವಾಸಕೋಶ ಸುಡುತ್ತೆ, ಜೆಟ್ ಸ್ಪ್ರೇನ ಹೊಳಪು ಹೋಗುತ್ತೆ, ಟೈಲ್ಸ್ ಮಧ್ಯದ ಸಿಮೆಂಟ್ ತಿನ್ನುತ್ತೆ, ಚಿಮ್ಮಿದ್ರೆ ಚರ್ಮ, ಕಣ್ಣು. 2013ರಲ್ಲಿ ಸುಪ್ರೀಂ ಕೋರ್ಟ್ ಲಕ್ಷ್ಮಿ ಪ್ರಕರಣದಲ್ಲಿ, ಗುರುತಿನ ಚೀಟಿ ನೋಡದೆ, ರಿಜಿಸ್ಟರ್‌ನಲ್ಲಿ ಬರೆಯದೆ, 18 ವರ್ಷದ ಒಳಗಿನವರಿಗೆ ಆಸಿಡ್ ಮಾರಬಾರದು ಅಂತ ಹೇಳಿದ್ದು ಬೇರೆ ಕಾರಣಕ್ಕೆ. ಆದರೂ ಅಂಥ ವಸ್ತು ನನ್ನ ಬಾತ್‌ರೂಮಿನ ಮೂಲೆಯಲ್ಲಿ ಬೇಡ ಅನ್ನಿಸಿತು. ನಾನು ತಂದಿದ್ದು ಸಿಟ್ರಿಕ್ ಆಸಿಡ್ ಪುಡಿ. ದಿನಸಿ ಅಂಗಡೀಲಿ ನಿಂಬೆ ಉಪ್ಪು ಅಂತ ಕೇಳಿದ್ರೂ ಕೊಡ್ತಾರೆ, ಸಕ್ಕರೆ ಥರ ಬಿಳಿ ಹರಳು. ಆವಿ ಬರಲ್ಲ, ಘಾಟು ಇಲ್ಲ, ಮೇಲಾಗಿ ಕಬ್ಬಿಣವನ್ನೂ ಹಿಡಿದುಕೊಂಡು ಕರಗಿಸೋ ಗುಣ ಇದೆ. ಆದರೆ ಇದೂ ಆಸಿಡ್ಡೇ ಅನ್ನೋದು ಮರೀಬೇಡಿ, ಬ್ಲೀಚ್ ಜೊತೆ ಸೇರಿದ್ರೆ ಇದರಿಂದಲೂ ಅದೇ ಕ್ಲೋರಿನ್ ಬರುತ್ತೆ. ಅಮ್ಮನ ಪ್ರಸಂಗ ಆದ ಮೇಲೆ ಒಂದು ದಿನ ಪೂರ್ತಿ ಬಿಟ್ಟು, ಹತ್ತಾರು ಸಲ ಫ್ಲಶ್ ಮಾಡಿ, ಬ್ರಶ್ಶನ್ನೂ ಚೆನ್ನಾಗಿ ತೊಳೆದು ಆಮೇಲೆ ಶುರು ಮಾಡಿದೆ.

ಮೊದಲು ಒಂದು ಪರೀಕ್ಷೆ. ನಿಂಬೆ ಉಪ್ಪನ್ನ ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕರಗಿಸಿ, ಉಂಗುರದ ಒಣಗಿದ ಭಾಗಕ್ಕೆ ನಾಲ್ಕು ಹನಿ ಬಿಟ್ಟೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಗುಳ್ಳೆ ಬಂದ್ರೆ ಸುಣ್ಣ, ಹುಳಿಗೆ ಬಗ್ಗುತ್ತೆ. ಬರದಿದ್ರೆ ತುಕ್ಕು ಇರಬಹುದು, ಮೂತ್ರದ ಲವಣ ಇರಬಹುದು, ಅಥವಾ ಪಿಂಗಾಣಿಯ ಮೇಲಿನ ಗಾಜಿನಂಥ ಪದರವೇ ಸವೆದಿರಬಹುದು. ಗ್ಲೌಸ್ ಹಾಕಿದ ಬೆರಳಲ್ಲಿ ಸವರಿ ನೋಡಿ: ಉಬ್ಬಿದ ಹಾಗೆ ಸಿಕ್ಕಿದ್ರೆ ಮೇಲೆ ಏನೋ ಕೂತಿದೆ, ತೆಗೆಯಬಹುದು. ಮಟ್ಟಸವಾಗಿದ್ದು ಹೊಳಪಿಲ್ಲದೆ ಮಂಕಾಗಿದ್ರೆ ಅದು ಸವೆತ, ಅದಕ್ಕೆ ಯಾವ ಬಾಟಲಿಯಲ್ಲೂ ಮದ್ದಿಲ್ಲ.

ಇನ್ನು ಅಸಲಿ ಕೆಲಸ. ಎಲ್ಲರೂ ಎಡವೋದು ಇಲ್ಲೇ: ಕಮೋಡಿನಲ್ಲಿ ಎರಡು ಮೂರು ಲೀಟರ್ ನೀರು ನಿಂತಿರುತ್ತೆ, ಅದರ ಮೇಲೇ ಕ್ಲೀನರ್ ಸುರೀತಾರೆ. ಹುಳಿ ತೆಳುವಾಗಿ ಹೋಯ್ತು. ರಾತ್ರಿ ಎಲ್ಲರೂ ಮಲಗೋ ಹೊತ್ತಿಗೆ ನಾನು ಗೋಡೆಯ ಆ್ಯಂಗಲ್ ಕಾಕ್ ತಿರುಗಿಸಿ ಟ್ಯಾಂಕಿಗೆ ನೀರು ಬರೋದು ನಿಲ್ಲಿಸಿ, ಒಮ್ಮೆ ಫ್ಲಶ್ ಮಾಡಿದೆ. ಆಮೇಲೆ ಬ್ರಶ್ಶನ್ನ ಕಮೋಡಿನ ಗಂಟಲಲ್ಲಿ ಪಂಪ್ ಹೊಡೆದ ಹಾಗೆ ಹತ್ತು ಸಲ ಒತ್ತಿದಾಗ ನೀರು ಆ ಕಡೆ ಹೋಗಿ ಮಟ್ಟ ಇಳಿಯಿತು. ಉಳಿದದ್ದನ್ನ ಹಳೇ ಪ್ಲಾಸ್ಟಿಕ್ ಲೋಟದಲ್ಲಿ ಮೊಗೆದೆ. ರಬ್ಬರ್ ಗ್ಲೌಸ್ ಬೇಕೇ ಬೇಕು. ನೀರು ಖಾಲಿ ಆದ್ರೆ ಚರಂಡಿ ವಾಸನೆ ಮೇಲೆ ಬರುತ್ತೆ, ಕಿಟಕಿ ತೆಗೆದಿರಲಿ.

ಒಂದು ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ ನಿಂಬೆ ಉಪ್ಪು, ಚೆನ್ನಾಗಿ ಕರಗಿಸಿ. ಸ್ನಾನದ ನೀರಿನಷ್ಟು ಬಿಸಿ ಸಾಕು. ಕುದಿಯೋ ನೀರು ಸುರಿದ್ರೆ ತಣ್ಣಗಿರೋ ಪಿಂಗಾಣಿ ಬಿರುಕು ಬಿಡಬಹುದು. ಟಿಶ್ಯೂ ಪೇಪರ್ ಹಾಳೆಗಳನ್ನ ಇದರಲ್ಲಿ ಅದ್ದಿ, ಹಣೆಗೆ ತಣ್ಣೀರು ಪಟ್ಟಿ ಹಾಕೋ ಹಾಗೆ ಉಂಗುರದ ಸುತ್ತ, ಹಳದಿ ಪಟ್ಟಿಯ ಮೇಲೆ ಅಂಟಿಸಿದೆ. ಉಳಿದ ನೀರನ್ನ ಕಮೋಡಿಗೆ ಸುರಿದು ಮುಚ್ಚಳ ಹಾಕಿ, ಮೇಲೊಂದು ಚೀಟಿ: "ಬೆಳಗ್ಗೆವರೆಗೂ ಯಾರೂ ಬರಬೇಡಿ". ಮನೇಲಿ ಒಂದೇ ಟಾಯ್ಲೆಟ್ ಇದ್ರೆ ರಾತ್ರಿ ಹೊತ್ತು ಕಷ್ಟ, ಆಗ ಹಗಲಲ್ಲಿ ಮೂರ್ನಾಲ್ಕು ಗಂಟೆಯ ಹಾಗೆ ಹೆಚ್ಚು ಸಲ ಮಾಡಿ.

ಬೆಳಗ್ಗೆ ನೋಡಿದ್ರೆ ನೀರು ಹಾಲಿನ ಹಾಗಾಗಿತ್ತು, ತಳದಲ್ಲಿ ಬಿಳಿ ಪುಡಿ. ಗಾಬರಿ ಆಗ್ಬೇಡಿ. ಕರಗಿದ ಸುಣ್ಣ ಸಿಟ್ರಿಕ್ ಆಸಿಡ್ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತೆ, ಅದು ನೀರಲ್ಲಿ ಅಷ್ಟಾಗಿ ಕರಗಲ್ಲ. ಕೆಲಸ ನಡೆದಿದೆ ಅನ್ನೋದಕ್ಕೆ ಅದೇ ಗುರುತು, ಆದರೆ ಆ ಪುಡಿ ಕಲೆಯ ಮೇಲೇ ಕೂತ್ರೆ ಮುಂದಿನ ಹುಳಿ ಒಳಗೆ ಹೋಗದಂತೆ ತಡೆಯುತ್ತೆ. ಅದಕ್ಕೇ ಒಂದೇ ಸಲ ಅರ್ಧ ಕೆಜಿ ಸುರಿಯೋದಕ್ಕಿಂತ, ಬ್ರಶ್ ಮಾಡಿ ತೊಳೆದು ಮತ್ತೆ ಹೊಸದಾಗಿ ಹಾಕೋದು ಮೇಲು. ಲೆಕ್ಕದ ಪ್ರಕಾರ 100 ಗ್ರಾಂ ನಿಂಬೆ ಉಪ್ಪು ಹೆಚ್ಚೆಂದರೆ 78 ಗ್ರಾಂ ಸುಣ್ಣವನ್ನ ಕರಗಿಸುತ್ತೆ, ವಾಸ್ತವದಲ್ಲಿ ಅದಕ್ಕಿಂತ ಕಡಿಮೆಯೇ. ಎರಡು ವರ್ಷದ ಪದರ ಒಂದು ರಾತ್ರಿಗೆ ಹೋಗಲ್ಲ.

ಟಿಶ್ಯೂಗಳನ್ನ ಫ್ಲಶ್ ಮಾಡದೆ ಎತ್ತಿ ಕಸದ ಬುಟ್ಟಿಗೆ ಹಾಕಿದೆ, ಪೈಪ್ ಕಟ್ಟಿಕೊಂಡ್ರೆ ಅದು ಬೇರೆ ಕಥೆ. ಮೊದಲ ರಾತ್ರಿಗೆ ಹಳದಿ ಬಣ್ಣ ಮುಕ್ಕಾಲು ಭಾಗ ಹೋಯ್ತು, ಉಂಗುರ ಮೆತ್ತಗಾಯ್ತು. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಲ್ಲಿ ಕೆರೆದಾಗ ಚೂರು ಚೂರಾಗಿ ಎದ್ದು ಬಂತು. ಎರಡನೇ ರಾತ್ರಿ ಮತ್ತೆ 100 ಗ್ರಾಂ. ಮೂರನೇ ರಾತ್ರಿ ಅಂಚಿನ ಕೆಳಗೆ, ಫ್ಲಶ್ ನೀರು ಬೀಳೋ ತೂತುಗಳಿಗೆ ಮಾತ್ರ ಪಟ್ಟಿ ಹಾಕಿದೆ. ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿದು ನೋಡಿದ್ರೆ ಆ ತೂತುಗಳಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ಫ್ಲಶ್‌ಗೆ ಜೋರಿಲ್ಲ ಅಂತ ಒಂದು ವರ್ಷದಿಂದ ಬೈಕೊಂಡಿದ್ದು ಇದಕ್ಕೇ ಅಂತ ಆಗ ಗೊತ್ತಾಯ್ತು. ಒಟ್ಟು ಕಾಲು ಕೆಜಿಗಿಂತ ಸ್ವಲ್ಪ ಹೆಚ್ಚು ಪುಡಿ.

ಮೊಬೈಲಲ್ಲಿ ಈ ಕಲೆಗೆ ವಿನಿಗರ್ ಮತ್ತು ಅಡುಗೆ ಸೋಡಾ ಸೇರಿಸೋ ರೀಲ್ಸ್ ನೀವೂ ನೋಡಿರ್ತೀರಿ. (ನಮ್ಮೂರಲ್ಲಿ ರೀಲ್ ಅಂದ್ರೆ ರೇಷ್ಮೆ ನೂಲು ಬಿಚ್ಚೋದು, ಅದೇ ವಾಸಿ.) ಬುಸ್ ಅಂತ ನೊರೆ ಬರೋದು ನೋಡೋಕೆ ಚಂದ. ಆದರೆ ಹುಳಿ ಮತ್ತು ಸೋಡಾ ಒಂದನ್ನೊಂದು ತಿಂದು ಮುಗಿಸ್ತವೆ, ಸುಣ್ಣಕ್ಕೆ ಏನೂ ಉಳಿಯಲ್ಲ. ವಿನಿಗರ್ ಒಂದನ್ನೇ ಹಾಕಿದ್ರೆ ತೆಳು ಕಲೆಗೆ ಆಗಬಹುದು.

ಇಷ್ಟಾಗಿಯೂ ಬಲಭಾಗದಲ್ಲಿ ಎರಡು ಬೆರಳು ಅಗಲದ ಗಟ್ಟಿ ಗೆರೆ ಉಳಿದಿತ್ತು, ಹುಳಿ ಬಿಟ್ರೆ ಗುಳ್ಳೆಯೂ ಇಲ್ಲ. ಗ್ರಾನೈಟ್ ಸೀಮೆಯ ನೀರಲ್ಲಿ ಸಿಲಿಕಾ ಕೂಡ ಇರುತ್ತೆ, ಅದು ಕಟ್ಟಿದ್ರೆ ಹುಳಿಗೆ ಕರಗಲ್ಲ. ಅದಕ್ಕೆ ಕಾಲು ಉಜ್ಜೋ ಪ್ಯೂಮಿಸ್ ಕಲ್ಲು ತಂದು, ಕಲ್ಲನ್ನೂ ಜಾಗವನ್ನೂ ನೆನೆಸಿ, ಹಗುರವಾಗಿ ಉಜ್ಜಿದೆ. ನಿಜವಾದ ಪ್ಯೂಮಿಸ್ ಮೆತ್ತಗಿರುತ್ತೆ, ತಾನೇ ಸವೆಯುತ್ತೆ. ಒಣಗಿದ್ದಾಗ ಉಜ್ಜಬಾರದು, ಕಾಣದ ಜಾಗದಲ್ಲಿ ಮೊದಲು ಪರೀಕ್ಷಿಸಿ. ಪಾತ್ರೆ ಉಜ್ಜೋ ಸ್ಟೀಲ್ ನಾರು ಮಾತ್ರ ಬೇಡವೇ ಬೇಡ. ಗೀರು ಬಿದ್ದ ಜಾಗದಲ್ಲಿ ಸುಣ್ಣ ಇನ್ನೂ ಬೇಗ ಹಿಡಿಯುತ್ತೆ. ಗೆರೆ ಬಹುತೇಕ ಹೋಯ್ತು, ಕೆಳಗೆ ರೂಪಾಯಿ ನಾಣ್ಯದಷ್ಟು ಮಂಕು ಜಾಗ ಸಿಕ್ಕಿತು. ನಮಗಿಂತ ಮುಂಚೆ ಇದ್ದವರು ಯಾರೋ ಉಜ್ಜಿ ಸವೆಸಿದ್ದು. ಅದು ಹಾಗೇ ಇರುತ್ತೆ.

ಕತೆ ಇಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಹತ್ತೇ ದಿನಕ್ಕೆ ಹಿಂಬದಿಯ ಹಳದಿ ಪಟ್ಟಿ ತೆಳ್ಳಗೆ ಮತ್ತೆ ಕಾಣಿಸಿತು. ಉಂಗುರ ಇಲ್ಲ, ಪಟ್ಟಿ ಮಾತ್ರ. ಅಂದ್ರೆ ಅಲ್ಲಿ ಏನೋ ಸದಾ ಹರೀತಿದೆ. ಫ್ಲಶ್ ಟ್ಯಾಂಕಿಗೆ ಕೇಸರಿಬಾತಿಗೆ ಹಾಕೋ ಬಣ್ಣ ಚಿಟಿಕೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದ ಹಾಗೆ ನೋಡಿಕೊಂಡೆ. ಮುಚ್ಚಳ ತೆಗೆದ್ರೆ ಕಮೋಡ್ ನೀರು ಕೇಸರಿ! ಟ್ಯಾಂಕ್ ಒಳಗಿನ ವಾಷರ್ ಮೇಲೂ ಅದೇ ಸುಣ್ಣ ಕಟ್ಟಿ, ಅದು ಸರಿಯಾಗಿ ಕೂರ್ತಿರಲಿಲ್ಲ. ಕೂದಲೆಳೆಯಷ್ಟು ನೀರು ಹಗಲೂ ರಾತ್ರಿ ಇಳೀತಿತ್ತು, ಜೊತೆಗೆ ಸುಣ್ಣ. ನೀರು ನಿಲ್ಲಿಸಿ ವಾಷರ್ ಬಿಚ್ಚಿ, ಒಂದು ಲೋಟ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿಟ್ಟು, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ಮತ್ತೆ ಕೂರಿಸಿದೆ. ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ಹೊಸದು ತನ್ನಿ. ಮತ್ತೆ ಬಣ್ಣ ಹಾಕಿ ನೋಡಿದೆ, ಈ ಸಲ ಕಮೋಡ್ ನೀರು ತಿಳಿಯಾಗೇ ಇತ್ತು. ಈಗ ಭಾನುವಾರ ರಾತ್ರಿ ಎರಡು ಚಮಚ ಪುಡಿ ಉದುರಿಸಿ ಬೆಳಗ್ಗೆ ಬ್ರಶ್ ಮಾಡ್ತೀನಿ, ಅಷ್ಟೇ.

ಈ ಮಧ್ಯೆ ಚನ್ನಪಟ್ಟಣದ ಅಕ್ಕ ಫೋನ್ ಮಾಡಿ, "ನಮ್ದು ಇಂಡಿಯನ್ ಕಣೇ, ನೀರೇ ನಿಲ್ಲಲ್ಲ, ನೀನು ಹೇಳಿದ್ದು ಹೇಗೆ ಮಾಡೋದು?" ಅಂದಳು. ಅದು ಇನ್ನೂ ಸುಲಭ, ಖಾಲಿ ಮಾಡೋ ಕಷ್ಟ ಇಲ್ಲ. ಹಳೇ ಕಾಟನ್ ಬಟ್ಟೆಯನ್ನ ಅದೇ ನೀರಲ್ಲಿ ಅದ್ದಿ ಹಳದಿ ಜಾಗದ ಮೇಲೆ ಹಾಸಿ, ಒಣಗದ ಹಾಗೆ ಮೇಲೊಂದು ಪ್ಲಾಸ್ಟಿಕ್ ಕವರ್ ಮುಚ್ಚಿಡಬೇಕು. ಪಕ್ಕದ ನೆಲ ಮಾರ್ಬಲ್ ಅಥವಾ ಮೊಸಾಯಿಕ್ ಆಗಿದ್ರೆ ಒಂದು ಹನಿಯೂ ತಾಗದಿರಲಿ, ಮಾರ್ಬಲ್ ಅಂದ್ರೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಹೊಳಪು ಹೊರಟುಹೋಗುತ್ತೆ. ಕನಕಪುರದ ಅತ್ತೆಯ ಚಿಂತೆ ಬೇರೆ, ಅವರ ಮನೆಯದು ಸೆಪ್ಟಿಕ್ ಟ್ಯಾಂಕ್. 100 ಗ್ರಾಂ ಸಿಟ್ರಿಕ್ ಆಸಿಡ್ ಅಷ್ಟು ನೀರಲ್ಲಿ ಲೆಕ್ಕಕ್ಕೇ ಬರಲ್ಲ, ಬ್ಯಾಕ್ಟೀರಿಯಾ ಅದನ್ನ ಒಡೆದು ತಿಂದುಬಿಡ್ತವೆ. ಬ್ಲೀಚ್ ಬಕೆಟ್‌ಗಟ್ಟಲೆ ಹೋದ್ರೆ ಅವೇ ಸಾಯ್ತವೆ.

ಓನರ್ ಮೊನ್ನೆ ಬಾಡಿಗೆಗೆ ಬಂದಾಗ ನಾನೇ ಕರ್ಕೊಂಡು ಹೋಗಿ ತೋರಿಸಿದೆ. ಸುಮ್ಮನೆ ನೋಡಿದ್ರು. ಆ ಮಂಕು ಜಾಗದ ಮೇಲೆ ಬೆರಳು ತೋರಿಸಿ "ಇದು?" ಅಂದ್ರು. "ಇದು ನಾವು ಬರೋಕೆ ಮುಂಚಿಂದು ಸರ್" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಅದೇನೋ ಪುಡಿ ಅಂದ್ರಲ್ಲ, ಕೆಳಗಿನ ಮನೆಗೂ ಬೇಕಾಗಿತ್ತು" ಅಂದ್ರು. ಬ್ಲೀಚಿಂಗ್ ಪೌಡರ್ ಡಬ್ಬವನ್ನ ಅಮ್ಮ ಊರಿಗೆ ಹೋಗೋ ಮುಂಚೆ ತಾವೇ ಸಂಪ್ ಹತ್ತಿರದ ಶೆಡ್ಡಿಗೆ ಸಾಗಿಸಿ, ಮೇಲೆ ಮಾರ್ಕರ್‌ನಲ್ಲಿ ದಪ್ಪಕ್ಕೆ ಬರೆದು ಹೋಗಿದ್ದಾರೆ: "ಕಕ್ಕಸಿಗೆ ಹಾಕಬಾರದು".